ಡೀಲರ್ ಮೀಟ್ ಪತ್ರವನ್ನು ಓದುವ ಲೆಕ್ಕ

ದಸರೆಗೆ ಒಂದೆರಡು ತಿಂಗಳಿರುವಾಗ ಮಿಕ್ಸಿ, ಗ್ರೈಂಡರ್, ಕುಕ್ಕರ್ ಮಾರುವ ಅಂಗಡಿಗಳಿಗೆ ಡಿಸ್ಟ್ರಿಬ್ಯೂಟರ್‌ನಿಂದ ಡೀಲರ್ ಮೀಟ್‌ನ ಆಹ್ವಾನ ಬರುತ್ತದೆ. ಹೋಟೆಲಿನ ಹೆಸರು, ಊಟದ ಹೊತ್ತು ಮೇಲೆ ದಪ್ಪಕ್ಷರದಲ್ಲಿರುತ್ತವೆ. ಅಂಗಡಿಯವನ ಲಾಭನಷ್ಟ ನಿಂತಿರುವುದು ಕೆಳಗಿನ ಸ್ಕೀಮ್ ಪಟ್ಟಿಯ ಮೇಲೆ.

ಲೆಕ್ಕಕ್ಕಾಗಿ ಒಂದು ಪತ್ರ ಹೀಗಿದೆ ಎಂದುಕೊಳ್ಳೋಣ: 3 ಲಕ್ಷದ ಖರೀದಿಗೆ ಶೇ. 2, 5 ಲಕ್ಷಕ್ಕೆ ಶೇ. 3, 8 ಲಕ್ಷಕ್ಕೆ ಶೇ. 5 ರಿಯಾಯಿತಿ. ಮುಟ್ಟಿದ ಸ್ಲ್ಯಾಬ್‌ನ ದರ ಪೂರ್ತಿ ಖರೀದಿಗೆ ಸಿಗುತ್ತದೆ. ಬಿಲ್ ದಿನಾಂಕ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 15ರೊಳಗಿರಬೇಕು, ಹಣ 21 ದಿನದಲ್ಲಿ ಕಟ್ಟಬೇಕು.

ಕಳೆದ ಹಬ್ಬಕ್ಕೆ 5.5 ಲಕ್ಷದ ಮಾಲು ಮಾರಿದ ಅಂಗಡಿಗೆ ಅಷ್ಟೇ ಕೊಂಡರೆ 16,500 ರೂಪಾಯಿ ಬರುತ್ತದೆ. 8 ಲಕ್ಷ ಮುಟ್ಟಿದರೆ 40,000. ಹೆಚ್ಚು ಸಿಗುವುದು 23,500, ಅದಕ್ಕಾಗಿ ಹೊರಬೇಕಾದ ಹೆಚ್ಚುವರಿ ಮಾಲು 2.5 ಲಕ್ಷದ್ದು. ಅದು ಹಬ್ಬದಲ್ಲೇ ಹೋದರೆ ಲಾಭ. ಹಬ್ಬ ಕಳೆದ ಮೇಲೆ ಆರು ತಿಂಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೋದರೆ, ಸರಾಸರಿ 1.25 ಲಕ್ಷದ ಮೇಲೆ ತಿಂಗಳಿಗೆ ಶೇ. 1.5ರ ಬಡ್ಡಿ ಹಿಡಿದರೂ 11,250 ಖರ್ಚಾಗುತ್ತದೆ. ಮಾಲು ಖಾಲಿ ಮಾಡಲು ಬೆಲೆಯಲ್ಲಿ ಶೇ. 8 ಬಿಟ್ಟರೆ ಇನ್ನೂ 20,000 ಹೋಗುತ್ತದೆ. ಒಟ್ಟು 31,250, ಸ್ಕೀಮ್ ಕೊಟ್ಟದ್ದಕ್ಕಿಂತ ಹೆಚ್ಚು ಕೈಬಿಟ್ಟಿತು. ಹಾಗಾಗಿ ಟಾರ್ಗೆಟ್ ಒಪ್ಪುವ ಮೊದಲು ಹಳೆಯ ಮಾರಾಟದ ಪುಸ್ತಕ ತೆಗೆದು, ಯಾವ ಮಾಡೆಲ್ ಎಷ್ಟು ಹೋಯಿತು ಎಂದು ನೋಡಬೇಕು.

ಮುಂದಿನದು ದಿನಾಂಕ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದು, ಬಲಿಪಾಡ್ಯಮಿ 22ರಂದು ಬಂತು. ಅಂಥ ವರ್ಷ ಸ್ಕೀಮ್ 15ಕ್ಕೆ ಮುಗಿದರೆ ದೀಪಾವಳಿಯ ಕೊನೆಯ ವಾರದ ಖರೀದಿ ಲೆಕ್ಕಕ್ಕೆ ಸೇರುವುದಿಲ್ಲ. ಮೀಟ್‌ನಲ್ಲೇ ಆರ್ಡರ್ ಬರೆಸಿದ್ದರೂ, ಗೋದಾಮಿನಲ್ಲಿ ಸ್ಟಾಕ್ ಇಲ್ಲದೆ ಬಿಲ್ 17ಕ್ಕೆ ಆದರೆ ಸ್ಲ್ಯಾಬ್ ತಪ್ಪಬಹುದು. ಆದ್ದರಿಂದ ಲೆಕ್ಕ ಆರ್ಡರ್ ದಿನಾಂಕಕ್ಕೋ ಬಿಲ್ ದಿನಾಂಕಕ್ಕೋ ಎಂದು ಕೇಳಿ ತಿಳಿದುಕೊಳ್ಳಬೇಕು. ಮೊತ್ತವನ್ನು ಜಿಎಸ್‌ಟಿ ಬಿಟ್ಟು ಎಣಿಸುತ್ತಾರೋ ಸೇರಿಸಿಯೋ, ವಾಪಸ್ ಹೋದ ಮಾಲು ಕಳೆಯುತ್ತಾರೋ, 21ನೇ ದಿನ ದಾಟಿದರೆ ಆ ಬಿಲ್ ಮಾತ್ರ ಹೊರಗೋ ಇಡೀ ಸ್ಕೀಮ್ ರದ್ದೋ ಎಂಬುದೂ ಸ್ಪಷ್ಟವಾಗಬೇಕು.

ಬಹುಮಾನವಾಗಿ ಪ್ರವಾಸವೋ ಚಿನ್ನದ ನಾಣ್ಯವೋ ಇದ್ದರೆ ತೆರಿಗೆಯೂ ನೆನಪಿರಲಿ. ವ್ಯಾಪಾರದಲ್ಲಿ ಒಬ್ಬರಿಂದ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಲಾಭ ಸಿಕ್ಕರೆ ಶೇ. 10 ಟಿಡಿಎಸ್ ಹಿಡಿಯುವ ನಿಯಮ 2022ರ ಜುಲೈ 1ರಿಂದ ಬಂದಿದೆ.

ವೇದಿಕೆಯ ಮೇಲೆ ಬಾಯಿಮಾತಲ್ಲಿ ಹೆಚ್ಚಿಸಿದ ಶೇಕಡಾವಾರು ಪತ್ರದಲ್ಲಿ ಇರುವುದಿಲ್ಲ. ಹಬ್ಬದ ನಂತರ ಕ್ರೆಡಿಟ್ ನೋಟ್ ತಯಾರಾಗುವುದು ಬರಹದಲ್ಲಿ ಇದ್ದುದರ ಮೇಲೆ. ಹೊಸ ಮಾತನ್ನು ಆರ್ಡರ್ ಫಾರ್ಮಿನಲ್ಲೇ ಬರೆಸಿ ಸಹಿ ಹಾಕಿಸಿಕೊಂಡ ಡೀಲರ್, ಡಿಸೆಂಬರ್‌ನಲ್ಲಿ ತನ್ನ ಪಾಲನ್ನು ಆ ಕಾಗದ ತೋರಿಸಿ ಕೇಳಬಹುದು.