ನಿಲ್ಲುವ ಕೀಲು, ಚಾಚುವ ಕೀಲು

ಒಂದೇ ಮಾದರಿಯ ಎರಡು ಕೀಲುಗಳು ನಮ್ಮ ದೇಹದಲ್ಲಿವೆ. ತೋಳು ಮುಂಡವನ್ನು ಕೂಡುವಲ್ಲಿ ಒಂದು, ತೊಡೆ ಮುಂಡವನ್ನು ಕೂಡುವಲ್ಲಿ ಇನ್ನೊಂದು. ಎರಡರಲ್ಲಿಯೂ ಒಂದು ಮೂಳೆಯ ದುಂಡಗಿನ ತಲೆ ಇನ್ನೊಂದು ಮೂಳೆಯ ಗುಳಿಯಲ್ಲಿ ಕುಳಿತು ತಿರುಗುತ್ತದೆ. ಆದರೂ ಇವುಗಳ ಸ್ವಭಾವ ಬೇರೆ ಬೇರೆ. ದೇಹದ ದೊಡ್ಡ ಕೀಲುಗಳಲ್ಲೆಲ್ಲ ಅತಿ ಹೆಚ್ಚಾಗಿ ತಪ್ಪುವುದು ಭುಜ. ಸೊಂಟದ ಕೀಲು ತಪ್ಪಬೇಕಾದರೆ ಸಾಮಾನ್ಯವಾಗಿ ಭಾರಿ ಆಘಾತವೇ ಆಗಬೇಕು. ಇದೇಕೆ ಹೀಗೆ ಎಂಬುದು ಇಂದಿನ ನನ್ನ ಮಾತಿನ ವಿಷಯ.

ಮೊದಲಿಗೆ ಒಂದು ಶಬ್ದವಿಚಾರ. ಸೊಂಟ ಎಂಬ ಮಾತನ್ನು ನಾವು ಬಹಳ ಉದಾರವಾಗಿ ಬಳಸುತ್ತೇವೆ. ಡಾಬು ಕಟ್ಟುವ ಜಾಗವೂ ಸೊಂಟವೇ, ಕೊಡವನ್ನು ಇಟ್ಟುಕೊಳ್ಳುವ ಜಾಗವೂ ಸೊಂಟವೇ, ಬೆನ್ನಿನ ಕೆಳಭಾಗ ನೊಂದರೂ ಸೊಂಟನೋವೇ. ನಾನು ಹೇಳುವ ಕೀಲು ಇವುಗಳಲ್ಲಿ ಯಾವುದೂ ಅಲ್ಲ. ಅದು ತೊಡೆಸಂದಿಯ ಆಳದಲ್ಲಿದೆ. ಅದರ ನೋವು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ತೊಡೆಸಂದಿಯಲ್ಲಿ, ತೊಡೆಯ ಮುಂಭಾಗದಲ್ಲಿ. ಕೆಲವೊಮ್ಮೆ ಮಂಡಿಯಲ್ಲಿ ಕೂಡ. ಮಂಡಿಯಲ್ಲಿ ದೋಷವೇನೂ ಸಿಕ್ಕದಿದ್ದಾಗ ವೈದ್ಯರು ಈ ಕೀಲನ್ನು ಪರೀಕ್ಷಿಸುವುದು ಅದಕ್ಕಾಗಿಯೇ.

ವೈದ್ಯಮಿತ್ರರೊಬ್ಬರು ಒಮ್ಮೆ ಒಣ ಮೂಳೆಗಳನ್ನು ನನ್ನ ಕೈಗಿತ್ತು ಜೋಡಿಸಿ ನೋಡಲು ಹೇಳಿದ್ದರು. ತೋಳಿನ ಮೂಳೆಯ ತಲೆ ಹೆಗಲಿನ ಗುಳಿಯಲ್ಲಿ ನಿಲ್ಲಲೇ ಇಲ್ಲ. ಆ ಗುಳಿ ಚಪ್ಪಟೆ ತಟ್ಟೆಯಂಥದು. ತಲೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಅದು ಹಿಡಿಯಲಾರದು. ತೊಡೆಮೂಳೆಯ ತಲೆಯಾದರೋ ಬಟ್ಟಲಿನಲ್ಲಿಟ್ಟ ನಿಂಬೆಯ ಹಣ್ಣಿನಂತೆ ಕುಳಿತಿತು. ಜೀವಂತ ದೇಹದಲ್ಲಿ ಈ ಬಟ್ಟಲಿನ ಅಂಚಿಗೆ ನಾರುಮಯವಾದ ಮೃದ್ವಸ್ಥಿಯ ಬಳೆಯೊಂದಿದ್ದು, ಅದು ತಲೆಯನ್ನು ಅರ್ಧಕ್ಕಿಂತ ಹೆಚ್ಚಾಗಿಯೇ ಅಪ್ಪಿಕೊಳ್ಳುತ್ತದೆ. ಈ ಹಿಡಿತ ಎಷ್ಟು ಬಿಗಿಯಾದುದೆಂಬುದನ್ನು ಜರ್ಮನಿಯ ವೇಬರ್ ಸೋದರರು 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದ್ದಾರೆ. ಅವರು ಶವವೊಂದರ ಕೀಲಿನ ಸುತ್ತಲಿನ ಸ್ನಾಯುಗಳನ್ನೂ ಕೀಲನ್ನು ಮುಚ್ಚಿದ ಚೀಲವನ್ನೂ ಕತ್ತರಿಸಿದರು. ಕಾಲು ಕೆಳಕ್ಕೆ ಬೀಳದೆ ತೂಗುತ್ತಲೇ ಇತ್ತು. ಬಟ್ಟಲಿನ ತಳಕ್ಕೆ ರಂಧ್ರ ಕೊರೆದು ಗಾಳಿಯನ್ನು ಒಳಬಿಟ್ಟೊಡನೆ ಕಳಚಿತು. ಹೊರಗಿನ ಗಾಳಿಯ ಒತ್ತಡವೂ ಈ ಕೀಲನ್ನು ಕಾಯುತ್ತದೆಂದು ಹೀಗೆ ಗೊತ್ತಾಯಿತು.

ಆದರೆ ಕೀಲಿನ ಮುಖ್ಯ ಬಲ ಇರುವುದು ಅದರ ಅಸ್ಥಿರಜ್ಜುಗಳಲ್ಲಿ, ಎಂದರೆ ಮೂಳೆಗೆ ಮೂಳೆಯನ್ನು ಕಟ್ಟುವ ನಾರಿನ ಪಟ್ಟಿಗಳಲ್ಲಿ. ಅಂಥವು ಮೂರು. ಅವುಗಳಲ್ಲಿ ಮುಂಭಾಗದ್ದು ಹಿರಿಯದು. ನಮ್ಮ ದೇಹದ ಅಸ್ಥಿರಜ್ಜುಗಳಲ್ಲೆಲ್ಲ ಅದೇ ಅತಿ ಬಲಿಷ್ಠವೆಂದು ಎಣಿಕೆ. ಮೇಲೆ ಒಂದೇ ಕಾಂಡವಾಗಿ ಹೊರಟು ಕೆಳಗೆ ಎರಡು ಕವಲಾಗುವ ಅದರ ಆಕಾರ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದಂತಿದೆ. ಇನ್ನೆರಡರಲ್ಲಿ ಒಂದು ಕೆಳಗಡೆ ಮುಂದಿದೆ, ಇನ್ನೊಂದು ಹಿಂದಿದೆ. ಈ ಮೂರೂ ನೆಟ್ಟಗೆ ಇಳಿಯದೆ ತೊಡೆಮೂಳೆಯ ಕತ್ತನ್ನು ಒಂದೇ ದಿಕ್ಕಿನಲ್ಲಿ ಸುತ್ತಿಕೊಂಡಿವೆ. ಮುಖ್ಯ ಮರ್ಮ ಇಲ್ಲಿಯೇ ಇದೆ. ಒದ್ದೆ ಬಟ್ಟೆಯನ್ನು ಹಿಂಡುವಾಗ ಅದು ಹುರಿಗೊಂಡು ಗಿಡ್ಡವಾಗುವುದನ್ನು ಎಲ್ಲರೂ ಕಂಡಿದ್ದೇವೆ. ತೊಡೆ ನೆಟ್ಟಗಾಗಿ ಹಿಂದಕ್ಕೆ ಸರಿದಂತೆಲ್ಲ ಈ ಪಟ್ಟಿಗಳೂ ಹುರಿಗೊಂಡು ತಲೆಯನ್ನು ಬಟ್ಟಲಿನೊಳಕ್ಕೆ ಬಿಗಿಯುತ್ತವೆ. ತೊಡೆಯನ್ನು ಮಡಿಸಿದಾಗ ಹುರಿ ಬಿಚ್ಚಿ ಸಡಿಲವಾಗುತ್ತವೆ.

ಇದರಿಂದಲೇ ಈ ಕೀಲಿನ ಚಲನೆಗಳಲ್ಲಿ ಅಸಮತೆ ಕಾಣುತ್ತದೆ. ಮಂಡಿ ಮಡಿಸಿ ತೊಡೆಯನ್ನು ಹೊಟ್ಟೆಯ ಕಡೆಗೆ ಸುಮಾರು 120 ಡಿಗ್ರಿಯವರೆಗೆ ಎತ್ತಬಹುದು. ಹಿಂದಕ್ಕಾದರೆ ಹೆಚ್ಚೆಂದರೆ 20 ಡಿಗ್ರಿ. ಗೋಡೆಯನ್ನು ಹಿಡಿದು ನಿಂತು, ಒಂದು ಕೈಯನ್ನು ಬೆನ್ನಿನ ಕೆಳಭಾಗದ ಮೇಲಿಟ್ಟು, ಕಾಲನ್ನು ಹಿಂದಕ್ಕೆ ಚಾಚಿ ನೋಡಿ. ಸ್ವಲ್ಪ ಹೋಗುವಷ್ಟರಲ್ಲಿ ಬೆನ್ನು ಬಾಗತೊಡಗುತ್ತದೆ. ಕೀಲು ಅಲ್ಲಿಗೆ ತನ್ನ ಮಿತಿಯನ್ನು ಮುಟ್ಟಿರುತ್ತದೆ. ಮುಂದಿನದು ಬೆನ್ನೆಲುಬಿನ ಕೊಡುಗೆ.

ಈ ಮಿತಿಯೇ ನಮಗೆ ದೊಡ್ಡ ಉಪಕಾರ. ನೆಟ್ಟಗೆ ನಿಂತಾಗ ಮೈಭಾರದ ರೇಖೆ ಈ ಕೀಲಿನ ತುಸು ಹಿಂದೆ ಹಾದುಹೋಗುತ್ತದೆ. ಮುಂಡ ಹಿಂದಕ್ಕೆ ವಾಲಬೇಕು. ಆದರೆ ಮುಂಭಾಗದ ಅಸ್ಥಿರಜ್ಜು ಬಿಗಿದು ಅದನ್ನು ತಡೆಯುತ್ತದೆ. ಇಲ್ಲಿ ಸ್ನಾಯುಗಳು ಹೆಚ್ಚು ದುಡಿಯಬೇಕಾಗಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ನಿಲುವನ್ನು ನೆನೆಯಿರಿ. ಪಂಪನ ಆದಿಪುರಾಣದ ಬಾಹುಬಲಿ ಕಾಯೋತ್ಸರ್ಗದಲ್ಲಿ ವರ್ಷಕಾಲ ನಿಂತದ್ದು ತಪೋಬಲದಿಂದ. ನಮ್ಮಂಥವರು ಬಸ್ಸಿಗಾಗಿ ಗಂಟೆ ಕಾಲ ನಿಲ್ಲುವುದು ಬಹುಪಾಲು ಈ ನಾರಿನ ಪಟ್ಟಿಯ ಬಲದಿಂದ. ಸಂಧಿವಾತದಿಂದ ತೊಡೆ ಅರೆಮಡಿಚಿದಂತೆ ನಿಂತುಬಿಟ್ಟವರಿಗೆ ಈ ಬಿಗಿತ ದೊರೆಯದು. ಸ್ನಾಯುಗಳೇ ಭಾರ ಹೊರಬೇಕು, ಬೆನ್ನು ಮುಂದಕ್ಕೆ ಬಾಗಬೇಕು. ಅವರು ಬೇಗ ದಣಿಯುವುದು ಅದಕ್ಕೇ.

ಇನ್ನು ಈ ಕೋಟೆಯ ದುರ್ಬಲ ಬಾಗಿಲನ್ನು ನೋಡೋಣ. ಮೋಟಾರು ಕಾರಿನ ಮುಂದಿನ ಆಸನದಲ್ಲಿ ಒಬ್ಬರು ಕಾಲಮೇಲೆ ಕಾಲು ಹಾಕಿ ಕುಳಿತಿದ್ದಾರೆನ್ನಿ. ತೊಡೆ ಮಡಿಸಿದೆ, ಒಳಕ್ಕೆ ವಾಲಿದೆ, ಪಟ್ಟಿಗಳು ಸಡಿಲವಾಗಿವೆ, ತಲೆ ಬಟ್ಟಲಿನ ಹಿಂದಿನ ಅಂಚಿಗೆ ಬಂದಿದೆ. ಡಿಕ್ಕಿಯಾಗಿ ಮಂಡಿ ಎದುರಿನ ಹಲಗೆಗೆ ಬಡಿಯುತ್ತದೆ. ಪೆಟ್ಟು ತೊಡೆಮೂಳೆಯುದ್ದಕ್ಕೂ ಹರಿದು ತಲೆಯನ್ನು ಹಿಂದಕ್ಕೆ ನೂಕುತ್ತದೆ. ಈ ಕೀಲು ತಪ್ಪಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಸಲ ಅದು ಹಿಂದಕ್ಕೇ ಜಾರುತ್ತದೆ. ಗುರುತು ಸ್ಪಷ್ಟ: ಕಾಲು ಗಿಡ್ಡವಾಗಿ ಕಾಣುತ್ತದೆ, ತೊಡೆ ಮಡಿಚಿ ಒಳಕ್ಕೆ ವಾಲಿರುತ್ತದೆ, ಪಾದ ಒಳಕ್ಕೆ ತಿರುಗಿರುತ್ತದೆ. ವಯಸ್ಸಾದವರು ಬಿದ್ದು ತೊಡೆಮೂಳೆಯ ಕತ್ತು ಮುರಿದಾಗಲೂ ಕಾಲು ಗಿಡ್ಡವಾಗುತ್ತದೆ, ಆದರೆ ಪಾದ ಸಾಮಾನ್ಯವಾಗಿ ಹೊರಕ್ಕೆ ತಿರುಗುತ್ತದೆ.

ಹಿಂದೆ ಇಂಥ ಕಾಲನ್ನು ರಾಟೆ ಹಗ್ಗ ಕಟ್ಟಿ ನೆಟ್ಟಗೆ ಎಳೆಯುತ್ತಿದ್ದುದುಂಟು. ಬಾಸ್ಟನ್ನಿನ ಶಸ್ತ್ರವೈದ್ಯ ಹೆನ್ರಿ ಬಿಗೆಲೋ 1869ರ ತನ್ನ ಪುಸ್ತಕದಲ್ಲಿ ಇದರ ತಪ್ಪನ್ನು ತೋರಿಸಿದ. ಮುಂಭಾಗದ ಆ ಕವಲು ಪಟ್ಟಿ ಸಾಮಾನ್ಯವಾಗಿ ಹರಿದಿರುವುದಿಲ್ಲ. ಕಾಲಿನ ಆ ವಿಚಿತ್ರ ಭಂಗಿಗೂ ಅದೇ ಕಾರಣ. ನೆಟ್ಟಗೆ ಎಳೆದಷ್ಟೂ ಅದು ಬಿಗಿದು ಎದುರು ನಿಲ್ಲುತ್ತದೆ. ಮೊದಲು ತೊಡೆಯನ್ನು ಮಡಿಸಿದರೆ ಅದು ಸಡಿಲಾಗಿ, ಮೇಲಕ್ಕೆತ್ತಿದ ತಲೆ ಬಟ್ಟಲಿಗೆ ಮರಳುತ್ತದೆ. ಇಂದಿಗೂ ತತ್ತ್ವ ಅದೇ, ಈಗ ಅರಿವಳಿಕೆಯ ನೆರವೂ ಇದೆ. ಆದರೆ ಹೊತ್ತು ಮೀರಬಾರದು. ತಲೆಗೆ ರಕ್ತ ಒಯ್ಯುವ ನಾಳಗಳು ಕತ್ತನ್ನು ಅಂಟಿಕೊಂಡು ಸಾಗುತ್ತವೆ; ಅವು ಎಳೆತಕ್ಕೆ ಸಿಕ್ಕಿದರೆ ತಲೆ ಕ್ರಮೇಣ ಸತ್ತು ಕುಸಿಯಬಹುದು. ಆರು ಗಂಟೆಯೊಳಗೆ ಕೂರಿಸಬೇಕೆಂದು ವೈದ್ಯರು ಆತುರಪಡುವುದು ಇದಕ್ಕೇ. ಕೃತಕ ಕೀಲು ಹಾಕಿಸಿಕೊಂಡ ಹಲವರಿಗೆ ತಗ್ಗಿನ ಮಣೆಯ ಮೇಲೆ ಕೂರಬೇಡಿ, ಕಾಲಮೇಲೆ ಕಾಲು ಹಾಕಬೇಡಿ ಎಂದು ಹೇಳುವುದೂ ಇದೇ ಬಾಗಿಲನ್ನು ಕಾಯಲೆಂದೇ.

ಭುಜದ ನೀತಿ ಇದಕ್ಕೆ ವಿರುದ್ಧವಾದುದು. ಅದರ ಚೀಲ ಸಡಿಲ, ಅಸ್ಥಿರಜ್ಜುಗಳು ತೆಳು. ಹೆಗಲಿನ ಎಲುಬಿನಿಂದ ಹೊರಟ ನಾಲ್ಕು ಸ್ನಾಯುಗಳು ತೋಳಿನ ತಲೆಯನ್ನು ಬೆರಳುಗಳಂತೆ ಹಿಡಿದು ಗುಳಿಗೆ ಒತ್ತುತ್ತವೆ. ಸೊಂಟವನ್ನು ಕಾಯುವುದು ಗೋಡೆ, ಭುಜವನ್ನು ಕಾಯುವುದು ಎಚ್ಚರವಾಗಿರುವ ಕಾವಲುಗಾರರು. ಜೊತೆಗೆ ಭುಜದ ಗುಳಿಯೇ ಚಲಿಸುತ್ತದೆ. ತೋಳನ್ನು ತಲೆಯ ಮೇಲಕ್ಕೆ 180 ಡಿಗ್ರಿ ಎತ್ತಿದಾಗ ಸುಮಾರು 120 ಕೀಲಿನದು, 60 ಹೆಗಲೆಲುಬು ಹೊರಳಿದ್ದರಿಂದ ಬಂದದ್ದು. ತೊಡೆಯ ಬಟ್ಟಲಿಗೆ ಈ ಸ್ವಾತಂತ್ರ್ಯವಿಲ್ಲ.

ಸ್ವಾತಂತ್ರ್ಯಕ್ಕೆ ಬೆಲೆಯುಂಟು. ತೋಳು ಪಕ್ಕಕ್ಕೆತ್ತಿ ಹೊರಕ್ಕೆ ತಿರುಗಿದ್ದಾಗ, ಚೆಂಡೆಸೆಯುವವನ ಭಂಗಿಯಲ್ಲಿ, ಪೆಟ್ಟು ಬಿದ್ದರೆ ಕಾವಲುಗಾರರು ಸೋಲುತ್ತಾರೆ. ತಲೆ ಮುಂದಕ್ಕೆ ಜಾರುತ್ತದೆ. ಹೆಗಲಿನ ದುಂಡು ಮಾಯವಾಗಿ ಮೂಲೆ ಎದ್ದಂತೆ ಕಾಣುತ್ತದೆ. ಹೊರಬದಿಯ ಚರ್ಮ ಜೋಮು ಹಿಡಿದಿದ್ದರೆ ಅಲ್ಲಿನ ನರಕ್ಕೂ ಪೆಟ್ಟಾಗಿರಬಹುದು. ಮೂಳೆ ಮುರಿದಿದೆಯೇ ಎಂಬುದನ್ನು ಕ್ಷಕಿರಣದಿಂದ ನೋಡದೆ ಕೈಯೆಳೆಯಲು ಯಾರಿಗೂ ಬಿಡಬಾರದು. ಹರೆಯದವರಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ಮತ್ತೆ ತಪ್ಪುವುದುಂಟು, ಗುಳಿಯ ಅಂಚಿನ ಬಳೆ ಅಲ್ಲಿ ಕಿತ್ತುಬಂದಿರುತ್ತದೆ.

ಕಾಲು ಭೂಮಿಯ ಮೇಲೆ ಮೈಯನ್ನು ಹೊರಬೇಕು, ಕೈ ದೂರದ್ದನ್ನು ಹಿಡಿಯಬೇಕು. ಆಳವಾದ ಬಟ್ಟಲು ಮತ್ತು ಹುರಿಗೊಂಡ ಪಟ್ಟಿ ಮೊದಲನೆಯದಕ್ಕೆ. ಚಪ್ಪಟೆ ತಟ್ಟೆ ಮತ್ತು ದುಡಿಯುವ ಸ್ನಾಯು ಎರಡನೆಯದಕ್ಕೆ. ಇವುಗಳ ಗುಣವನ್ನು ಅದಲುಬದಲು ಮಾಡಿದರೆ ಗಂಟೆ ಕಾಲ ನಿಲ್ಲುವುದೂ ಅಟ್ಟದ ಮೇಲಿನ ಡಬ್ಬಿಯನ್ನು ಇಳಿಸುವುದೂ ಎರಡೂ ನಮಗೆ ಕಷ್ಟವಾದಾವು.