ಕರೆಂಟ್ ಬಂದ ಮೇಲೂ ಎ.ಸಿ. ಕೆಲವು ನಿಮಿಷ ಸುಮ್ಮನಿರುವುದೇಕೆ?



ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ಭಾಗದ ಊರುಗಳಲ್ಲಿಯೂ ಈಗ ಎ.ಸಿ. ಕೂಡಿಸಿದ ಮನೆಗಳಿವೆ. ಕರೆಂಟ್ ಹೋಗಿ ಬಂದ ಕೂಡಲೇ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ. ಎ.ಸಿ. ಮಾತ್ರ ಬರೀ ಗಾಳಿ ಬೀಸುತ್ತದೆ, ತಂಪು ಬರುವುದಿಲ್ಲ. ಯಂತ್ರ ಕೆಟ್ಟಿತೆಂದು ತಿಳಿದು ಸ್ವಿಚ್ಚನ್ನು ನಾಲ್ಕಾರು ಸಲ ಹಾಕಿ ತೆಗೆಯುವವರಿದ್ದಾರೆ, ಮೆಕ್ಯಾನಿಕ್‌ಗೆ ಫೋನು ಮಾಡುವವರೂ ಇದ್ದಾರೆ. ಅಲ್ಲಿ ಕೆಟ್ಟಿರುವುದು ಏನೂ ಇಲ್ಲ. ಯಂತ್ರ ತಾನಾಗಿ ಸುಮಾರು ಮೂರು ನಿಮಿಷ ಕಾಯುತ್ತಿರುತ್ತದೆ. ಏಕೆ ಕಾಯುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೇವು ಕತ್ತರಿಸುವ ಯಂತ್ರ ಇಟ್ಟುಕೊಂಡವರಿಗೆ ಈ ಸಂಗತಿ ಬೇಗ ತಿಳಿಯುತ್ತದೆ. ಜೋಳದ ಕಣಿಕೆ ಬಾಯಿ ತುಂಬ ಕೊಟ್ಟಿರುವಾಗ ಕರೆಂಟ್ ಹೋಯಿತೆನ್ನಿ. ಚಕ್ರ ಕಣಿಕೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಮತ್ತೆ ಕರೆಂಟ್ ಬಂದಾಗ ಮೋಟಾರು 'ಗುಂಯ್' ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಅನುಭವಸ್ಥರು ತಕ್ಷಣ ಸ್ವಿಚ್ ತೆಗೆದು, ಕಣಿಕೆ ಎಳೆದು ಹಾಕಿ, ಚಕ್ರ ಹಗುರವಾದ ಮೇಲೆಯೇ ಮತ್ತೆ ಚಾಲೂ ಮಾಡುತ್ತಾರೆ. ಹಾಗೆಯೇ ಬಿಟ್ಟರೆ ಮೋಟಾರು ಸುಡುತ್ತದೆ. ಎ.ಸಿ.ಯ ಹೊರಗಿನ ಪೆಟ್ಟಿಗೆಯಲ್ಲಿರುವ ಕಂಪ್ರೆಸರ್ ಎಂಬ ಯಂತ್ರಕ್ಕೂ ಇದೇ ತೊಂದರೆ ಇದೆ. ಅಲ್ಲಿ ಸಿಕ್ಕಿಕೊಳ್ಳುವುದು ಕಣಿಕೆಯಲ್ಲ, ಗ್ಯಾಸಿನ ಒತ್ತಡ.

ಕಂಪ್ರೆಸರ್ ಒಂದು ಕಡೆಯಿಂದ ಗ್ಯಾಸನ್ನು ಎಳೆದುಕೊಂಡು ಇನ್ನೊಂದು ಕಡೆಗೆ ಒತ್ತಿ ತುಂಬುತ್ತದೆ. ಈಗಿನ ಅನೇಕ ಎ.ಸಿ.ಗಳಲ್ಲಿರುವ ಆರ್-32 ಎಂಬ ಗ್ಯಾಸನ್ನೇ ತೆಗೆದುಕೊಂಡರೆ, ಬೇಸಿಗೆಯ ಮಧ್ಯಾಹ್ನ ಯಂತ್ರ ಓಡುತ್ತಿರುವಾಗ ಎಳೆಯುವ ಕಡೆ ಸುಮಾರು 120 ಪೌಂಡ್, ಒತ್ತುವ ಕಡೆ 400 ಪೌಂಡಿನ ಆಸುಪಾಸು ಒತ್ತಡವಿರುತ್ತದೆ. ಮೋಟಾರ್ ಸೈಕಲ್ಲಿನ ಗಾಲಿಗೆ ನಾವು ಹೊಡೆಸುವ ಗಾಳಿ 30 ಪೌಂಡಿನಷ್ಟು ಎಂಬುದನ್ನು ನೆನೆದರೆ ಇದರ ಬಲ ಗೊತ್ತಾಗುತ್ತದೆ. ಓಡುತ್ತಿರುವ ಕಂಪ್ರೆಸರ್ ಈ ಭಾರವನ್ನು ಸಲೀಸಾಗಿ ಹೊರುತ್ತದೆ. ಏರಿನಲ್ಲಿ ಹೋಗುತ್ತಿರುವ ತುಂಬಿದ ಬಂಡಿಯನ್ನು ಎತ್ತುಗಳು ಎಳೆದುಕೊಂಡು ಹೋಗುತ್ತವೆ, ಆದರೆ ನಡುವೆ ನಿಂತ ಬಂಡಿಯನ್ನು ಅದೇ ಏರಿನಲ್ಲಿ ಹೊರಡಿಸುವುದು ಬೇರೆಯೇ ಮಾತು. ಮನೆಯ ಎ.ಸಿ.ಯಲ್ಲಿರುವುದು ಒಂದೇ ಫೇಸಿನ ಮೋಟಾರು. ಇಂಥ ಮೋಟಾರಿಗೆ ಓಡುವ ಬಲವಿದ್ದಷ್ಟು ಹೊರಡುವ ಬಲವಿರುವುದಿಲ್ಲ.

ಕರೆಂಟ್ ಹೋದಾಗ ಒತ್ತುವ ಕಡೆಯ ಗ್ಯಾಸು ಅಲ್ಲಿಯೇ ಉಳಿಯುವುದಿಲ್ಲ. ಎರಡೂ ಕಡೆಗಳ ನಡುವೆ ಕೂದಲಿನಂಥ ಸಣ್ಣ ರಂಧ್ರದ ತಾಮ್ರದ ಕೊಳವೆ ಇರುತ್ತದೆ. ಅದರ ಮೂಲಕ ಗ್ಯಾಸು ನಿಧಾನವಾಗಿ ಕಡಿಮೆ ಒತ್ತಡದ ಕಡೆಗೆ ಸೋಸಿ ಹೋಗಿ, ಎರಡು ಮೂರು ನಿಮಿಷಗಳಲ್ಲಿ ಎರಡೂ ಕಡೆ ಸರಿಸಮವಾಗುತ್ತದೆ. ಆಗ ಮೋಟಾರಿನ ಮುಂದೆ ಏರು ಇಲ್ಲ. ಮೂರು ನಿಮಿಷ ಎಂಬ ಲೆಕ್ಕ ಹುಟ್ಟಿದ್ದು ಹೀಗೆ.

ಕಾಯದೆ ಹೊರಟರೆ ಏನಾಗುತ್ತದೆ? ಒಂದೂವರೆ ಟನ್ನಿನ ಹಳೆಯ ಬಗೆಯ ಎ.ಸಿ. ಓಡುವಾಗ ಸುಮಾರು 7-8 ಆಂಪಿಯರ್ ಕರೆಂಟ್ ಎಳೆಯುತ್ತದೆ. ತಿರುಗಲಾರದೆ ನಿಂತ ಮೋಟಾರು ಅದರ ಐದು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಎಳೆಯುತ್ತದೆ. ಸುರುಳಿಯ ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಐದು ಪಟ್ಟು ಕರೆಂಟ್ ಎಂದರೆ ಇಪ್ಪತ್ತೈದು ಪಟ್ಟು ಕಾವು. ಓಡುವಾಗ ಮೋಟಾರನ್ನು ತಣಿಸುವ ತಂಪು ಗ್ಯಾಸು ಆಗ ಹರಿಯುತ್ತಿರುವುದೂ ಇಲ್ಲ. ಕೆಲವೇ ಸೆಕೆಂಡುಗಳಲ್ಲಿ ಓವರ್‌ಲೋಡ್ ಎಂಬ ಕಾವಲು ಸ್ವಿಚ್ಚು 'ಟಕ್' ಎಂದು ಕರೆಂಟ್ ಕಡಿಯುತ್ತದೆ. ಅದು ಆರಿ ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇದು ದಿನಕ್ಕೆ ಹತ್ತು ಸಲ ನಡೆದರೆ ಸುರುಳಿಯ ಮೇಲಿನ ಲೇಪ ಕರಗುತ್ತ ಹೋಗಿ ಒಂದು ದಿನ ಕಂಪ್ರೆಸರ್ ಸುಡುತ್ತದೆ. ಅದನ್ನು ಬದಲಿಸಿ ಗ್ಯಾಸು ತುಂಬಿಸುವ ಖರ್ಚು, ಒಂದೆರಡು ಎಮ್ಮೆ ಇಟ್ಟವರ ಹಲವು ಬಟವಾಡೆಗಳನ್ನು ನುಂಗಬಲ್ಲದು.

ವೋಲ್ಟೇಜ್ ಇಳಿದಿದ್ದರೆ ಅಪಾಯ ಇನ್ನೂ ಹೆಚ್ಚು. ಮೋಟಾರಿನ ಹೊರಡುವ ಬಲವೂ ವರ್ಗದ ಲೆಕ್ಕದಲ್ಲಿಯೇ ಇಳಿಯುತ್ತದೆ. 230 ಇರಬೇಕಾದಲ್ಲಿ 160 ವೋಲ್ಟ್ ಬಂದರೆ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕರೆಂಟ್ ಬಂದೊಡನೆ ಊರಿನ ಫ್ರಿಜ್ಜು, ಪಂಪು, ಗಿರಣಿ ಎಲ್ಲವೂ ಒಮ್ಮೆಗೇ ಏಳುವುದರಿಂದ ಮೊದಲ ನಿಮಿಷಗಳಲ್ಲಿ ವೋಲ್ಟೇಜ್ ಕುಗ್ಗಿರುವುದುಂಟು. ಆ ಹೊತ್ತು ಕಳೆಯಲಿಕ್ಕೂ ಈ ಕಾಯುವಿಕೆಯಿಂದ ಅನುಕೂಲವಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕರೆಂಟ್ ಒಂದು ತಾಸು ಹೋಗಿತ್ತು, ಒತ್ತಡ ಯಾವಾಗಲೋ ಸಮವಾಗಿದೆ, ಮತ್ತೇಕೆ ಕಾಯಬೇಕು? ಹೆಚ್ಚಿನ ಎ.ಸಿ.ಗಳಲ್ಲಿ ಕಾಲ ಎಣಿಸುವ ಕಾರ್ಡೂ ಕರೆಂಟಿನಿಂದಲೇ ನಡೆಯುತ್ತದೆ. ಕರೆಂಟ್ ಹೋಗಿದ್ದು ಎರಡು ಸೆಕೆಂಡೋ ಎರಡು ತಾಸೋ ಅದಕ್ಕೆ ತಿಳಿಯುವುದಿಲ್ಲ. ಆದುದರಿಂದ ಅದು ಪ್ರತಿ ಸಲವೂ ಈಗಷ್ಟೇ ಹೋಗಿ ಬಂದಿದೆ ಎಂದೇ ಭಾವಿಸಿ ಮೊದಲಿನಿಂದ ಎಣಿಸುತ್ತದೆ. ಗೋಡೆಯ ಸ್ವಿಚ್ಚು ಹಾಕಿ ತೆಗೆದರೆ ನಷ್ಟ ನಮ್ಮದೇ, ಎಣಿಕೆ ಪುನಃ ಶುರುವಾಗುತ್ತದೆ. ರಿಮೋಟು ಎಷ್ಟು ಒತ್ತಿದರೂ ಹೊತ್ತು ಕಡಿಮೆಯಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಹಳ್ಳಿಖೇಡ (ಬಿ)ಯ ಒಂದು ಮನೆಯಲ್ಲಿ ಎ.ಸಿ.ಗೆ ಸ್ಟೆಬಿಲೈಜರ್ ಕೂಡಿಸಿದ್ದಾರೆ ಎಂದಿಟ್ಟುಕೊಳ್ಳಿ. ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ಕರೆಂಟ್ ಬಂತು. ಅನೇಕ ಸ್ಟೆಬಿಲೈಜರ್‌ಗಳು ತಾವೂ ಮೂರು ನಿಮಿಷ ತಡೆದು ಕರೆಂಟ್ ಬಿಡುತ್ತವೆ. ಹಾಗಾಗಿ ಎ.ಸಿ.ಗೆ ಕರೆಂಟ್ ಮುಟ್ಟುವುದು 2 ಗಂಟೆ 13 ನಿಮಿಷಕ್ಕೆ. ಅಲ್ಲಿಂದ ಎ.ಸಿ. ತನ್ನ ಮೂರು ನಿಮಿಷ ಎಣಿಸುತ್ತದೆ. ಕಂಪ್ರೆಸರ್ ಏಳುವುದು 2 ಗಂಟೆ 16 ನಿಮಿಷಕ್ಕೆ. ನಡುವೆ 2 ಗಂಟೆ 15 ನಿಮಿಷಕ್ಕೆ ಒಮ್ಮೆ ಕರೆಂಟ್ ಮಿಣುಕಿ ಹೋಗಿ ಬಂದರೆ ಎರಡೂ ಎಣಿಕೆ ಹೊಸದಾಗಿ ಆರಂಭವಾಗಿ 2 ಗಂಟೆ 21 ನಿಮಿಷ ಆಗುತ್ತದೆ. ಇಷ್ಟಾದರೂ ಎಲ್ಲವೂ ಸರಿಯಾಗಿಯೇ ಇದೆ.

ಇನ್ವರ್ಟರ್ ಎ.ಸಿ. ಎನ್ನುವ ಹೊಸ ಬಗೆಯವು ಮೋಟಾರನ್ನು ನಿಧಾನವಾಗಿ ಎಬ್ಬಿಸುತ್ತವೆಯಾದರೂ ಅವೂ ಸಾಮಾನ್ಯವಾಗಿ ಕಾಯುತ್ತವೆ. ತಿರುಗುಣಿ ಇರುವ ಹಳೆಯ ಕಿಟಕಿ ಎ.ಸಿ. ಮತ್ತು ಹಳೆಯ ಫ್ರಿಜ್ಜುಗಳಿಗೆ ಎಣಿಸುವ ಕಾರ್ಡೇ ಇಲ್ಲ. ಅಲ್ಲಿ ಮನುಷ್ಯರೇ ಎಣಿಸಬೇಕು. ಕರೆಂಟ್ ಹೋದೊಡನೆ ಸ್ವಿಚ್ಚು ತೆಗೆದಿಟ್ಟು, ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕುವುದು ಒಳ್ಳೆಯದು.

ಕಾಯುವಿಕೆ ಯಾವುದು, ದೋಷ ಯಾವುದು ಎಂದು ಕಿವಿಯಿಂದಲೇ ತಿಳಿಯಬಹುದು. ಒಳಗೆ ಗಾಳಿ ಬೀಸುತ್ತ ಹೊರಗಿನ ಪೆಟ್ಟಿಗೆ ಪೂರ್ತಿ ನಿಶ್ಶಬ್ದವಾಗಿದ್ದರೆ ಅದು ಕಾಯುತ್ತಿದೆ. ಹೊರಗಿನ ಪೆಟ್ಟಿಗೆ ಕೆಲವು ಸೆಕೆಂಡು 'ಗುಂಯ್' ಎಂದು, 'ಟಕ್' ಎಂದು ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಹಾಗೆಯೇ ಮಾಡಿದರೆ ಮೋಟಾರು ಹೊರಡಲಾರದೆ ಒದ್ದಾಡುತ್ತಿದೆ ಎಂದರ್ಥ. ಕೂಡಲೇ ಬಂದ್ ಮಾಡಿ. ವೋಲ್ಟೇಜ್ ಸರಿಯಿದ್ದರೆ ಅನೇಕ ಸಲ ದೋಷವಿರುವುದು ಕೆಪಾಸಿಟರ್‌ನಲ್ಲಿ. ಅದು ಕಂಪ್ರೆಸರ್‌ಗಿಂತ ಬಹಳ ಅಗ್ಗದ ವಸ್ತು, ಆದರೆ ಬಂದ್ ಮಾಡಿದ ಮೇಲೂ ಶಾಕ್ ಹೊಡೆಯಬಲ್ಲದು, ಮೆಕ್ಯಾನಿಕ್ಕೇ ಮುಟ್ಟಲಿ. ಹತ್ತು ನಿಮಿಷ ಕಳೆದರೂ ಸದ್ದೇ ಇಲ್ಲದಿದ್ದರೆ, ರಿಮೋಟಿನಲ್ಲಿ ಬರೀ ಫ್ಯಾನಿಗೆ ಇಟ್ಟಿರುವಿರೋ ಎಂದು ಮೊದಲು ನೋಡಿಕೊಳ್ಳಿ.

ಸಂಘದ ಹಾಲು ತಂಪು ಮಾಡುವ ತೊಟ್ಟಿಯಲ್ಲಿಯೂ ಕಂಪ್ರೆಸರ್ ಇದೆ. ದೊಡ್ಡ ತೊಟ್ಟಿಗಳಿಗೆ ಮೂರು ಫೇಸಿನ ಮೋಟಾರು ಇರುವುದರಿಂದ ಹೊರಡುವ ಬಲ ಹೆಚ್ಚು. ಆದರೂ ಪದೇ ಪದೇ ನಿಂತು ಹೊರಟರೆ ಅದೂ ಕಾಯುತ್ತದೆ, ಸುಡುತ್ತದೆ. ಅದಕ್ಕೆಂದೇ ಪ್ಯಾನಲ್ಲಿನಲ್ಲಿ ಟೈಮರ್ ಇಡುತ್ತಾರೆ. ಕರೆಂಟಿನಿಂದ ಜನರೇಟರ್‌ಗೆ, ಜನರೇಟರ್‌ನಿಂದ ಕರೆಂಟಿಗೆ ಬದಲಿಸುವಾಗ ಎರಡು ಸಲವೂ ಕಂಪ್ರೆಸರ್ ನಿಲ್ಲುತ್ತದೆ, ಎರಡು ಸಲವೂ ಕಾಯಬೇಕಾಗುತ್ತದೆ. ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರು ಅವಸರಪಡಿಸಿದರೆಂದು ಟೈಮರನ್ನು ತಪ್ಪಿಸಿ ನೇರವಾಗಿ ಚಾಲೂ ಮಾಡಬಾರದು. ತೊಟ್ಟಿಗೆ ಸುತ್ತಲೂ ದಪ್ಪ ಶಾಖನಿರೋಧಕ ಪದರವಿರುವುದರಿಂದ ತಂಪಾದ ಹಾಲು ಆ ಕೆಲವು ನಿಮಿಷಗಳಲ್ಲಿ ಬಿಸಿಯಾಗುವುದಿಲ್ಲ.