ಬಣ್ಣ ಬಳಿದರೆ ಬೂಷ್ಟು ಹೋಗದು

ಗೋಡೆಗೆ ಕಪ್ಪು ಬೂಷ್ಟು ಹಿಡಿದಿದೆ ಎಂದು ಬಾಡಿಗೆದಾರ ಫೋನ್ ಮಾಡಿದರೆ ಮಾಲೀಕರ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು: ‘ಕಿಟಕಿ ತೆಗೆದಿಡಿ’, ಇಲ್ಲವೇ ‘ಮಳೆ ನಿಲ್ಲಲಿ, ಪೇಂಟ್ ಹೊಡೆಸೋಣ’.

ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2017ರಲ್ಲಿ ದೂರು ಕೊಟ್ಟ ಕುಟುಂಬಕ್ಕೂ ಬಣ್ಣ ಬಳಿಯುವ ಸಲಹೆಯೇ ಸಿಕ್ಕಿತ್ತು. 2020ರ ಡಿಸೆಂಬರಿನಲ್ಲಿ ಆ ಮನೆಯ ಎರಡು ವರ್ಷದ ಮಗು ಅವಾಬ್ ಇಷಾಕ್ ತೀರಿಕೊಂಡ. ಬಹುಕಾಲ ಬೂಷ್ಟಿನ ನಡುವೆ ಉಸಿರಾಡಿದ್ದರಿಂದ ಬಂದ ಶ್ವಾಸದ ಕಾಯಿಲೆಯೇ ಕಾರಣವೆಂದು 2022ರ ವಿಚಾರಣೆಯಲ್ಲಿ ತೀರ್ಮಾನವಾಯಿತು. ಅವನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಅಲ್ಲಿನ ಸಾಮಾಜಿಕ ವಸತಿ ಮನೆಗಳಿಗೆ ಗಡುವು ಹಾಕಿದೆ: ಗಂಭೀರ ದೂರು ಬಂದ 10 ಕೆಲಸದ ದಿನಗಳೊಳಗೆ ಪರಿಶೀಲನೆ ಮುಗಿಯಬೇಕು, ಅಪಾಯ ಕಂಡರೆ ಇನ್ನೈದು ದಿನಗಳಲ್ಲಿ ಅದನ್ನು ನಿವಾರಿಸಬೇಕು.

ನಮ್ಮಲ್ಲಿ ಇಂಥ ಗಡುವಿಲ್ಲ. ಬಾಡಿಗೆದಾರರೇ ಪತ್ರದಲ್ಲಿ ಕೇಳಬೇಕು. ಅದಕ್ಕೂ ಮೊದಲು ನೀರಿನ ಮೂಲ ಗೊತ್ತಿರಬೇಕು.

ತೇವದ ಜಾಗವನ್ನು ಒರೆಸಿ, ಅಂಗೈಯಗಲದ ಅಲ್ಯೂಮಿನಿಯಂ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ, ಎಕ್ಸಾಸ್ಟ್ ಫ್ಯಾನಿನ ಮಾತು ಅಲ್ಲಿ ನಿಜ. ಹಿಂಬದಿ ಒದ್ದೆಯಾದರೆ ನೀರು ಗೋಡೆಯೊಳಗೇ ಇದೆ. ಎರಡೂ ಒಟ್ಟಿಗಿರುವ ಮನೆಗಳೂ ಉಂಟು.

ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಮಲಗುವ ಕೋಣೆಯ ಗೋಡೆಯಾಚೆಗೇ ಬಚ್ಚಲು. ಮಾರ್ಚ್ ತಿಂಗಳ ಬಿಸಿಲಲ್ಲೂ ಆ ಗೋಡೆ ಒಣಗದಿದ್ದರೆ ಮಳೆಯನ್ನು ದೂರಿ ಫಲವಿಲ್ಲ. ಅನುಮಾನ ಪೈಪಿನ ಮೇಲೆ, ಟೈಲ್ಸ್ ಸಂದಿನ ಮೇಲೆ. ಆಗ ಪತ್ರದಲ್ಲಿ ಹೀಗೆ ಕೇಳಬಹುದು: ವಾರದೊಳಗೆ ಪ್ಲಂಬರ್ ಬಂದು ಸೋರಿಕೆ ಪತ್ತೆ, ಮುಂದಿನ ವಾರ ಪೈಪಿನ ರಿಪೇರಿ ಮತ್ತು ಬಚ್ಚಲ ನೆಲಕ್ಕೆ ವಾಟರ್‌ಪ್ರೂಫಿಂಗ್, ಗೋಡೆ ಪೂರ್ತಿ ಒಣಗಿದ ಮೇಲಷ್ಟೇ ಗಾರೆ, ಬಣ್ಣ. ಒಣಗಲು ವಾರಗಟ್ಟಲೆ ಬೇಕು. ಅವಸರ ಮಾಡಿದರೆ ಹೊಸ ಬಣ್ಣವೂ ಗುಳ್ಳೆ ಏಳುತ್ತದೆ. ಸೋರುವುದು ತಾರಸಿಯಾದರೆ ಸುರಿಯುವ ಮಳೆಯಲ್ಲಿ ಕೆಲಸ ನಿಲ್ಲದು, ಸದ್ಯಕ್ಕೆ ಟಾರ್ಪಾಲು ಹೊದಿಸಲು ಕೇಳಿ, ಪಕ್ಕಾ ಕೆಲಸಕ್ಕೆ ಬಿಸಿಲಿನ ತಿಂಗಳನ್ನು ಹೆಸರಿಸಿ.

ತಾರೀಖು ಇರುವ ಫೋಟೊಗಳು, ಮಗುವಿನ ಕೆಮ್ಮಿನ ಬಗ್ಗೆ ವೈದ್ಯರ ಚೀಟಿ ಜೊತೆಗಿರಲಿ. ಪತ್ರ ರಿಜಿಸ್ಟ್ರೇಷನ್ ಸೌಲಭ್ಯದ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ, ಏಕೆಂದರೆ ನೋಟಿಸ್ ತಲುಪಿದ್ದಕ್ಕೆ ಪುರಾವೆ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108(ಎಫ್) ಪ್ರಕಾರ, ತಾನು ಮಾಡಲೇಬೇಕಾದ ರಿಪೇರಿಯನ್ನು ನೋಟಿಸಿನ ನಂತರವೂ ಮಾಲೀಕ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ತೊಡಕಿರುವುದು ‘ಮಾಡಲೇಬೇಕಾದ’ ಎಂಬಲ್ಲಿ. ಸೋರಿಕೆ, ವಾಟರ್‌ಪ್ರೂಫಿಂಗ್ ಯಾರ ಹೊಣೆಯೆಂದು ಕರಾರುಪತ್ರದಲ್ಲಿ ಇಲ್ಲದಿದ್ದರೆ ವಾದ ಅಲ್ಲಿಗೇ ಬರುತ್ತದೆ. ಅಡ್ವಾನ್ಸ್ ಕೊಡುವ ಮುನ್ನ ಆ ಒಂದು ಸಾಲು ಬರೆಸಿಕೊಳ್ಳಿ.